ಕೇಳದೆಯೇ ತಿಳಿಯುವ ಲೆಕ್ಕ

ಮತಕ್ಕಾಗಿ ಉಡುಗೊರೆ ಪಡೆದಿರಾ ಎಂದು ಅಪರಿಚಿತನೊಬ್ಬನು ಮನೆಬಾಗಿಲಿಗೆ ಬಂದು ಕೇಳಿದರೆ, ಪಡೆದವನೂ ಇಲ್ಲವೆನ್ನುವುದು ಸಹಜ. ಮಧ್ಯ ಅಮೆರಿಕದ ನಿಕರಾಗುವ ದೇಶದಲ್ಲಿ 2008ರ ಪುರಸಭಾ ಚುನಾವಣೆಗಳ ಬಳಿಕ ಸಂಶೋಧಕರು ಹೀಗೆ ನೇರವಾಗಿ ಕೇಳಿದಾಗ ಹೌದೆಂದವರು ಶೇಕಡ ಎರಡರಷ್ಟು ಮಾತ್ರ. ಪಟ್ಟಿಯ ಪ್ರಯೋಗವೆಂಬ ಇನ್ನೊಂದು ವಿಧಾನದಿಂದ ಅಂದಾಜು ಮಾಡಿದಾಗಲಾದರೋ ಅದು ಶೇಕಡ 24ಕ್ಕೆ ಏರಿತು.

ಈ ವಿಧಾನವನ್ನು ಪರಿಶೀಲಿಸೋಣ. ಮೊದಲು ಜನರನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಬೇಕು. ಮೊದಲನೆಯ ಗುಂಪಿಗೆ ಪ್ರಚಾರಕರು ಮಾಡಬಹುದಾದ ನಾಲ್ಕು ಕೆಲಸಗಳ ಪಟ್ಟಿಯನ್ನು ತೋರಿಸುತ್ತಾರೆ: ಭಿತ್ತಿಪತ್ರ ಅಂಟಿಸಿದರು, ಮನೆಗೆ ಬಂದರು, ಇತ್ಯಾದಿ. ಎರಡನೆಯ ಗುಂಪಿನ ಪಟ್ಟಿಯಲ್ಲಿ ಉಡುಗೊರೆಯ ಮಾತು ಐದನೆಯದಾಗಿ ಸೇರಿರುತ್ತದೆ. ಯಾವುವು ನಡೆದುವೆಂದು ಯಾರೂ ಹೇಳಬೇಕಾಗಿಲ್ಲ. ಎಷ್ಟು ನಡೆದುವೆಂಬ ಸಂಖ್ಯೆಯನ್ನು ಹೇಳಿದರೆ ಸಾಕು.

ಲೆಕ್ಕದ ಅನುಕೂಲಕ್ಕೆ ಗುಂಪೊಂದಕ್ಕೆ 500 ಜನರೆಂದು ಭಾವಿಸೋಣ. ಮೊದಲನೆಯವರ ಉತ್ತರಗಳ ಮೊತ್ತ 950 ಆದರೆ ಸರಾಸರಿ 1.90. ಎರಡನೆಯವರದು 1,070 ಆದರೆ 2.14. ವ್ಯತ್ಯಾಸ 0.24, ಎಂದರೆ ಉಡುಗೊರೆ ಪಡೆದವರು ಶೇಕಡ 24. ಪ್ರಯೋಗಶಾಲೆಯಲ್ಲಿ ಬರಿಯ ಸೀಸೆಯನ್ನೂ ತುಂಬಿದ ಸೀಸೆಯನ್ನೂ ತೂಗಿ ದ್ರವದ ತೂಕವನ್ನು ಕಳೆದು ತಿಳಿಯುವ ಕ್ರಮವೇ ಇದು. ಆದರೆ ಇಲ್ಲಿ ತೂಗುವ ಸೀಸೆಗಳು ಬೇರೆ ಬೇರೆ. ಆದುದರಿಂದಲೇ ಚೀಟಿಯ ವಿಂಗಡಣೆ ಅವಶ್ಯಕ. ಮೂರು ಎಂದ ಒಬ್ಬ ಮನುಷ್ಯನ ಗುಟ್ಟು ಮಾತ್ರ ನಮಗೆ ತಿಳಿಯುವುದೇ ಇಲ್ಲ.

ಈ ಗೋಪ್ಯಕ್ಕೆ ಪ್ರತಿಯಾಗಿ ನಿಖರತೆಯನ್ನು ಬಿಟ್ಟುಕೊಡಬೇಕಾಗುತ್ತದೆ. ಉತ್ತರಗಳ ಪ್ರಮಾಣ ವಿಚಲನೆ 0.8 ಎಂದಿಟ್ಟುಕೊಂಡರೆ, ಎರಡು ಸರಾಸರಿಗಳ ಅನಿಶ್ಚಿತತೆಗಳೂ ಕೂಡಿ ವ್ಯತ್ಯಾಸದ ಅನಿಶ್ಚಿತತೆ ಸುಮಾರು 0.05 ಆಗುತ್ತದೆ. ಅದರ ಇಮ್ಮಡಿಯನ್ನು ಎರಡು ಕಡೆಗೂ ಬಿಟ್ಟರೆ ನಿಜವಾದ ಪ್ರಮಾಣ ಶೇಕಡ 14ರಿಂದ 34ರೊಳಗೆ ಎಲ್ಲಿಯಾದರೂ ಇರಬಹುದು. ಸಾವಿರ ಜನರೂ ನೇರ ಪ್ರಶ್ನೆಗೆ ಸತ್ಯವನ್ನೇ ನುಡಿಯುವುದಾದರೆ ಈ ಅಂತರ ಎರಡು ಕಡೆಗೂ ಮೂರರಷ್ಟನ್ನು ಮೀರುತ್ತಿರಲಿಲ್ಲ.

ಪಟ್ಟಿಯ ಆಯ್ಕೆಯಲ್ಲಿಯೂ ಎಚ್ಚರ ಬೇಕು. ನಾಲ್ಕು ಕೆಲಸಗಳೂ ಎಲ್ಲೆಡೆ ನಡೆಯುವಂಥವಾದರೆ, ಉಡುಗೊರೆ ಪಡೆದವನು ಐದು ಎನ್ನಬೇಕಾಗುತ್ತದೆ. ಐದು ಎಂದೊಡನೆ ಗುಟ್ಟು ಬಯಲಾಯಿತು! ಅಂಥವನು ಅಂಜಿ ನಾಲ್ಕು ಎಂದಾನು. ಆದುದರಿಂದ ಅಪರೂಪವಾದ ಒಂದನ್ನಾದರೂ ಪಟ್ಟಿಯಲ್ಲಿ ಸೇರಿಸುತ್ತಾರೆ.

ಇನ್ನೊಂದು ದೋಷವನ್ನು ಉತ್ತರಗಳಿಂದಲೇ ಕಂಡುಹಿಡಿಯಬಹುದು. ಪಟ್ಟಿಗೆ ಒಂದನ್ನು ಸೇರಿಸಿದರೆ ಎಣಿಕೆ ಏರಬಹುದು ಇಲ್ಲವೆ ಹಾಗೆಯೇ ಉಳಿಯಬಹುದು, ಇಳಿಯಲಾರದು. ಹಾಗಿದ್ದೂ ಸೊನ್ನೆ ಎಂದವರ ಪ್ರಮಾಣ ಎರಡನೆಯ ಗುಂಪಿನಲ್ಲಿಯೇ ಹೆಚ್ಚಾಗಿದ್ದು, ಅದು ಆಕಸ್ಮಿಕವೆನ್ನಲಾಗದಷ್ಟಿದ್ದರೆ, ಐದನೆಯ ಮಾತನ್ನು ಕಂಡ ಜನರು ಬೆದರಿ ಉಳಿದ ನಾಲ್ಕನ್ನೂ ಮರೆಮಾಚಿದರೆಂದು ಸಂಶಯಪಡಬೇಕು. ಆಗ 0.24ರಂಥ ವ್ಯತ್ಯಾಸ ದೊರೆತರೂ ಅದನ್ನು ಉಡುಗೊರೆ ಪಡೆದವರ ಪ್ರಮಾಣವೆಂದು ಓದುವಂತಿಲ್ಲ.