ಸರಾಸರಿ ನೋಡಿ ಸಮಾಧಾನಪಡಬೇಡಿ
ಭಾಷಣ ಅಭ್ಯಾಸದ ಆ್ಯಪ್ ಕೊಡುವ ವರದಿಯನ್ನು ಓದುವ ಬಗೆ

ಸೆಮಿನಾರ್ ಹತ್ತಿರ ಬಂತೆಂದರೆ ಮೊಬೈಲ್‌ಗೆ ಭಾಷಣ ಅಭ್ಯಾಸದ ಆ್ಯಪ್ ಹಾಕಿಕೊಳ್ಳುವ ವಿದ್ಯಾರ್ಥಿಗಳಿದ್ದಾರೆ. ಒರಾಯ್, ಯೂಡ್ಲಿಯಂಥವು ಇದಕ್ಕೆಂದೇ ಇವೆ. ಪವರ್‌ಪಾಯಿಂಟ್ ಒಳಗೂ ಇಂಥದ್ದೊಂದು ಸೌಲಭ್ಯವಿದೆ. ಇವು ನಿಮ್ಮ ಮಾತನ್ನು ಅಕ್ಷರಕ್ಕೆ ಇಳಿಸಿ, ನಿಮಿಷಕ್ಕೆ ಎಷ್ಟು ಪದ ಆಡಿದಿರಿ, ನಡುವೆ ಎಷ್ಟು ‘ಅಮ್’, ‘ಬೇಸಿಕಲಿ’ ತುರುಕಿದಿರಿ ಎಂದು ಲೆಕ್ಕ ಕೊಡುತ್ತವೆ. ಹೆಚ್ಚಿನವರು ಆ ಲೆಕ್ಕದ ಮೊದಲ ಅಂಕಿಯನ್ನಷ್ಟೇ ನೋಡಿ ಮುಚ್ಚಿಬಿಡುತ್ತಾರೆ. ಎಡವುವುದು ಅಲ್ಲೇ.

1. ಧ್ವನಿಮುದ್ರಣ

ಬ್ರೌಸರ್‌ನಲ್ಲಿ ಪವರ್‌ಪಾಯಿಂಟ್ ತೆರೆದು, ನಿಮ್ಮ ಸ್ಲೈಡ್‌ಗಳನ್ನು ಹಾಕಿ, Slide Show ಅಡಿಯಲ್ಲಿ Rehearse with Coach ಒತ್ತಿ. ಮೈಕ್‌ಗೆ ಅನುಮತಿ ಕೊಡಿ. ಫ್ಯಾನ್ ಆರಿಸಿ, ಎದ್ದು ನಿಂತು ಇಂಗ್ಲಿಷ್ ಭಾಷಣವನ್ನು ಪೂರ್ತಿ ಮಾತಾಡಿ. ತಪ್ಪಿದರೂ ನಿಲ್ಲಿಸಬೇಡಿ. ಚೀಟಿ ನೋಡಿ ಓದಬೇಡಿ. ಓದಿದರೆ ‘ಅಮ್’ ಬರುವುದೇ ಇಲ್ಲ, ವರದಿ ಚೆನ್ನಾಗಿ ಕಾಣುತ್ತದೆ, ಉಪಯೋಗಕ್ಕೆ ಬರುವುದಿಲ್ಲ.

2. ವೇಗ

ನಿಮಿಷಕ್ಕೆ 100ರಿಂದ 165 ಪದ ಇರಲಿ ಎಂಬುದು ಮೈಕ್ರೋಸಾಫ್ಟ್‌ನ ಸಲಹೆ. ಒಬ್ಬ ವಿದ್ಯಾರ್ಥಿನಿ ಅಂತರ್ಜಲದ ಬಗ್ಗೆ 3 ನಿಮಿಷ ಮಾತಾಡಿದಳು ಎಂದುಕೊಳ್ಳಿ. ಒಟ್ಟು 450 ಪದ, ಅಂದರೆ ಸರಾಸರಿ 150. ವರದಿ ‘ಸರಿಯಾಗಿದೆ’ ಎನ್ನುತ್ತದೆ, ಅವಳೂ ನಿರಾಳ.

ಅದನ್ನೇ ನಿಮಿಷಕ್ಕೊಂದರಂತೆ ಬಿಡಿಸಿ ನೋಡಿದರೆ ಮೊದಲ ನಿಮಿಷ 190, ಎರಡನೆಯದು 150, ಮೂರನೆಯದು 110. ಶುರುವಿನಲ್ಲಿ ಓಡಿದ್ದಾಳೆ, ಕೊನೆಯಲ್ಲಿ ಮಾತು ಸಿಗದೆ ತಡವರಿಸಿದ್ದಾಳೆ. ಎರಡು ತೊಂದರೆಗಳು ಒಂದನ್ನೊಂದು ಮುಚ್ಚಿಹಾಕಿವೆ. ಹೆದರುವವರ ಮಾತು ಸಾಮಾನ್ಯವಾಗಿ ಸಾಗುವುದು ಹೀಗೆಯೇ: ಬಾಯಿಪಾಠ ಮಾಡಿದ ‘ರೆಸ್ಪೆಕ್ಟೆಡ್ ಪ್ರಿನ್ಸಿಪಾಲ್, ಟೀಚರ್ಸ್ ಆ್ಯಂಡ್ ಮೈ ಡಿಯರ್ ಫ್ರೆಂಡ್ಸ್’ ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಹಿಡಿದ ಓಟ ವಿಷಯಕ್ಕೆ ಬಂದರೂ ನಿಲ್ಲುವುದಿಲ್ಲ.

ಆದ್ದರಿಂದ ವರದಿಯಲ್ಲಿ ವೇಗದ ಏರಿಳಿತ ತೋರಿಸುವ ಗೆರೆಯಿದ್ದರೆ ಮೊದಲು ಅದನ್ನು ನೋಡಿ. ಇಲ್ಲದಿದ್ದರೆ ಮೊದಲ ಒಂದು ನಿಮಿಷವನ್ನು ಮಾತ್ರ ಬೇರೆಯಾಗಿ ರೆಕಾರ್ಡ್ ಮಾಡಿ. 165 ದಾಟಿದ್ದರೆ ‘ನಿಧಾನ, ನಿಧಾನ’ ಎಂದು ಹೇಳಿಕೊಂಡು ಪ್ರಯೋಜನವಿಲ್ಲ. ವೇದಿಕೆಯಲ್ಲಿ ಅದು ನೆನಪಿಗೆ ಬರುವುದಿಲ್ಲ. ಮೊದಲ ನಾಲ್ಕು ವಾಕ್ಯಗಳ ಕೊನೆಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಪ್ರತಿ ಗೆರೆಯಲ್ಲೂ ಒಮ್ಮೆ ಉಸಿರು ತೆಗೆದುಕೊಳ್ಳಿ. ವೇಗ ತಾನೇ ಇಳಿಯುತ್ತದೆ. ಪೂರ್ತಿ ಭಾಷಣ ಮತ್ತೆ ಮತ್ತೆ ಹೇಳುವ ಬದಲು ಈ ಒಂದು ನಿಮಿಷವನ್ನೇ ತಿದ್ದಿ. ಕೊನೆಯ ನಿಮಿಷದ ಮದ್ದು ಬೇರೆ. ಅಲ್ಲಿ ಮಾತು ಎಳೆದಾಡಿದರೆ ವಿಷಯ ಗಟ್ಟಿಯಾಗಿಲ್ಲ ಎಂದರ್ಥ, ಪುಸ್ತಕ ತೆಗೆಯಿರಿ.

3. ತುಂಬು ಪದಗಳು

ಒಟ್ಟು ಎಷ್ಟು ಎನ್ನುವುದಕ್ಕಿಂತ ಅವು ಎಲ್ಲಿ ಬಂದವು ಎಂಬುದು ಮುಖ್ಯ. ಸ್ಲೈಡ್ ಬದಲಾಗುವಾಗಲೆಲ್ಲ ‘ಅಮ್’ ಬರುತ್ತಿದ್ದರೆ ಮುಂದಿನ ಸ್ಲೈಡಿನ ಮೊದಲ ವಾಕ್ಯ ಬಾಯಿಗೆ ಬಂದಿಲ್ಲ. ಅದೊಂದು ವಾಕ್ಯ ಗಟ್ಟಿ ಮಾಡಿಕೊಂಡರೆ ಸಾಕು. ಯಂತ್ರವೂ ತಪ್ಪುತ್ತದೆ: ‘ಐ ಲೈಕ್’ ಎಂದಿದ್ದನ್ನೂ ತುಂಬು ಪದವೆಂದು ಎಣಿಸಬಹುದು. ಬರಿಯ ವಾಯ್ಸ್ ಟೈಪಿಂಗ್‌ನಿಂದ ತುಂಬು ಪದಗಳನ್ನು ಲೆಕ್ಕ ಹಾಕಲು ಹೋಗಬೇಡಿ, ಅದು ‘ಅಮ್’ಗಳನ್ನು ಎಷ್ಟೋ ಸಲ ಬರೆಯದೇ ಬಿಟ್ಟುಬಿಡುತ್ತದೆ. ಸೊನ್ನೆಗೆ ಇಳಿಸುವ ಹಟವೂ ಬೇಡ. ಪ್ರತಿ ಪದವನ್ನೂ ಕಾವಲು ಕಾಯುತ್ತ ಮಾತಾಡುವವರನ್ನು ಕೇಳುವುದು ಇನ್ನೂ ಕಷ್ಟ.

4. ಕನ್ನಡದ ಭಾಷಣವಾದರೆ

ಇಂಗ್ಲಿಷಿನ ಅಳತೆ ಇಲ್ಲಿಗೆ ಹೊಂದುವುದಿಲ್ಲ. ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದ ಬೇಕಾದದ್ದನ್ನು ನಾವು ‘ಹೋಗಬೇಕಾಗಿತ್ತು’ ಎಂದು ಒಂದರಲ್ಲೇ ಮುಗಿಸುತ್ತೇವೆ. ಹೀಗಾಗಿ ಅವಸರದಲ್ಲಿ ಮಾತಾಡಿದರೂ ಅಂಕಿ ಕಡಿಮೆಯೇ ಬರುತ್ತದೆ. ಗೆಳೆಯರೊಂದಿಗೆ ಹರಟುವಾಗ ನೀವೇ ಮಾತಾಡುವ ಒಂದು ನಿಮಿಷವನ್ನು ಅವರಿಗೆ ಹೇಳಿಯೇ ರೆಕಾರ್ಡ್ ಮಾಡಿ, ನಿಮ್ಮ ಪದಗಳನ್ನು ಎಣಿಸಿ, ಭಾಷಣದ ಮೊದಲ ನಿಮಿಷದ ಜೊತೆ ಹೋಲಿಸಿ. ಭಾಷಣದ ಅಂಕಿ ಹೆಚ್ಚಿದ್ದರೆ ನೀವು ಓಡುತ್ತಿದ್ದೀರಿ. ‘ಅಂದ್ರೆ’, ‘ಅದೇ’, ‘ಏನಪ್ಪಾ ಅಂದ್ರೆ’ಗಳನ್ನು ಎಣಿಸಲು ಮನೆಯವರ ಕೈಗೆ ಪೆನ್ನು ಕೊಡಿ.

5. ಮುಗಿಸುವ ಮುನ್ನ

ಪವರ್‌ಪಾಯಿಂಟ್ ವರದಿ ಮುಚ್ಚಿದರೆ ಮತ್ತೆ ಸಿಗದು, ಸ್ಕ್ರೀನ್‌ಶಾಟ್ ತೆಗೆದಿಡಿ. ಬೇರೆ ಆ್ಯಪ್‌ಗಳಲ್ಲಿ ನಿಮ್ಮ ಧ್ವನಿ ಎಲ್ಲಿ ಉಳಿಯುತ್ತದೆ, ಅಳಿಸಲು ಆಗುತ್ತದೆಯೇ ನೋಡಿಕೊಳ್ಳಿ. ಸೆಮಿನಾರಿನ ಹಿಂದಿನ ರಾತ್ರಿ ಆ್ಯಪ್ ತೆರೆಯಬೇಡಿ, ಆಗ ತಿದ್ದಲು ಸಮಯವಿರುವುದಿಲ್ಲ.