ಮೂರು ಬಂಗುಡೆ ಮತ್ತು ಒಂದು ತಪ್ಪು ತೀರ್ಪು: ಮೀನಿನ ತಾಜಾತನ ಕುರಿತ ಪಾಠ

ಬಿಣಗಾದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಸಮಯದಲ್ಲಿ 8ನೇ ತರಗತಿಗೆ ಸೂಕ್ಷ್ಮಜೀವಿಗಳ ಘಟಕ ನನ್ನ ಪಾಲಿಗೆ ಬಂದಿತ್ತು. ಆಹಾರ ಕೆಡುವುದಕ್ಕೆ ಪುಸ್ತಕದಲ್ಲಿರುವ ಬ್ರೆಡ್ಡಿನ ಬೂಸ್ಟಿಗಿಂತ ಮಕ್ಕಳ ಮನೆಯ ಬಂಗುಡೆಯೇ ಒಳ್ಳೆಯ ಉದಾಹರಣೆ ಎನಿಸಿತು. ಪಾಠ ಮಧ್ಯಾಹ್ನ ಎರಡೂವರೆಗೆ ಇತ್ತು. ಬೆಳಿಗ್ಗೆ ಆರೂವರೆಗೆ ಒಂದೇ ಬುಟ್ಟಿಯಿಂದ ಎರಡು ಬಂಗುಡೆ ಕೊಂಡು, ‘ಅ’ ಮೀನನ್ನು ಮಂಜುಗಡ್ಡೆಯ ಪುಡಿಯಲ್ಲಿ ಹೂತಿಟ್ಟೆ, ‘ಆ’ ಮೀನನ್ನು ತಟ್ಟೆಯಲ್ಲಿ ಹಾಗೆಯೇ ಬಿಟ್ಟೆ. ‘ಇ’ ಹಿಂದಿನ ದಿನ ಕೊಂಡದ್ದು. ಅದು ಇಡೀ ರಾತ್ರಿ ಮಂಜುಗಡ್ಡೆಯಲ್ಲೇ ಇತ್ತು.

ನನ್ನ ಪಾಠಯೋಜನೆಯ ಮೊದಲ ಹಂತ ಕಣ್ಣು. ತಾಜಾ ಮೀನಿನ ಕಣ್ಣು ಉಬ್ಬಿ, ಪಾರದರ್ಶಕವಾಗಿ, ಒಳಗಿನ ಪಾಪೆ ಕಪ್ಪಾಗಿ ಕಾಣುತ್ತದೆ. ಸಮಯ ಕಳೆದಂತೆ ಚಪ್ಪಟೆಯಾಗಿ, ಮಸುಕಾಗಿ, ಕೊನೆಗೆ ಒಳಗೆ ಕುಸಿಯುತ್ತದೆ ಎಂದು ಹೇಳಿ ಮತ ಕೇಳಿದೆ. ‘ಅ’ ಮೊದಲು ಎಂಬುದರಲ್ಲಿ ಎಲ್ಲರೂ ಒಂದಾದರು. ಆದರೆ ಎರಡನೆಯ ಸ್ಥಾನವನ್ನು ಹೆಚ್ಚಿನವರು ‘ಆ’ಗೆ ಕೊಟ್ಟರು. ಅದರ ಕಣ್ಣು ಚಪ್ಪಟೆಯಾಗಿದ್ದರೂ ‘ಇ’ಯ ಕಣ್ಣು ಅದಕ್ಕಿಂತ ಬಿಳುಪಾಗಿತ್ತು.

ಹಿಂದಿನ ಬೆಂಚಿನ ಹುಡುಗಿ ಒಪ್ಪಲಿಲ್ಲ. ಅವಳ ತಾಯಿ ಮೀನು ಮಾರುತ್ತಾರೆ. “ಟೀಚರ್, ಅದು ಐಸು ತಾಗಿದ ಕಣ್ಣು. ಮೀನು ತಿರುಗಿಸಿ ನೋಡಿ” ಅಂದಳು. ತಿರುಗಿಸಿದರೆ ಇನ್ನೊಂದು ಬದಿಯ ಕಣ್ಣು ಸಾಕಷ್ಟು ತಿಳಿಯಾಗಿಯೇ ಇತ್ತು. ಮಂಜುಗಡ್ಡೆ ನೇರವಾಗಿ ಒತ್ತಿಕೊಂಡ ಕಣ್ಣು ಮೀನು ಕೆಡದಿದ್ದರೂ ಬಿಳುಪಾಗುತ್ತದೆ ಎಂಬ ಮಾತು ನನ್ನ ಯೋಜನೆಯಲ್ಲಿ ಇರಲೇ ಇಲ್ಲ. ವೀಕ್ಷಣೆಗೆ ಕುಳಿತಿದ್ದ ಉಪನ್ಯಾಸಕರು ಏನನ್ನೋ ಬರೆದುಕೊಂಡರು. ನನಗೆ ಬೆವರು ಬಂತು.

ಯೋಜನೆ ಬದಿಗಿಟ್ಟು ಕಿವಿರಿನ ಮುಚ್ಚಳ ಎತ್ತಿಸಿದೆ. ‘ಅ’ಯ ಕಿವಿರು ಕಡುಗೆಂಪು, ಲೋಳೆ ನೀರಿನಂತೆ ತೆಳು. ‘ಇ’ಯದು ಸ್ವಲ್ಪ ಪೇಲವವಾದರೂ ಕೆಂಪೇ, ಕರಗಿದ ಮಂಜಿನ ನೀರು ಕಿವಿರಿನ ಬಣ್ಣವನ್ನು ತುಸು ತೊಳೆಯುತ್ತದೆ. ‘ಆ’ಯದು ಕಂದು, ಲೋಳೆ ದಪ್ಪ ಮತ್ತು ಅಂಟು. ರಕ್ತದ ಹಿಮೋಗ್ಲೋಬಿನ್ ಉತ್ಕರ್ಷಣಗೊಂಡು ಕಂದಾಗುವುದೇ ಈ ಬಣ್ಣಕ್ಕೆ ಕಾರಣ. ಕೆಂಪು ಮಾಸುವುದು ಬೇರೆ, ಕಂದಾಗುವುದು ಬೇರೆ. ಮಕ್ಕಳ ನೋಟ್ಸಿನಲ್ಲಿ ಈ ಎರಡನ್ನು ಪ್ರತ್ಯೇಕ ಸಾಲುಗಳಲ್ಲಿ ಬರೆಸಿದೆ.

ವಾಸನೆ ನೋಡುವಾಗ ಕ್ರಮ ಮುಖ್ಯ. ಕೆಟ್ಟದ್ದನ್ನು ಮೊದಲು ಮೂಸಿದರೆ ಮುಂದಿನದೆಲ್ಲ ನಾರುತ್ತದೆ, ಆದ್ದರಿಂದ ‘ಅ’ಯಿಂದ ಶುರುಮಾಡಿದೆವು. ತಣ್ಣಗಿರುವ ಮೀನು ವಾಸನೆಯನ್ನು ಅಡಗಿಸುವುದರಿಂದ ಕಿವಿರನ್ನು ಬೆರಳುಗಳ ನಡುವೆ ಹಿಡಿದು ಅರೆಕ್ಷಣ ಬೆಚ್ಚಗೆ ಮಾಡಿ ಮೂಸಬೇಕು. ‘ಅ’ ಮತ್ತು ‘ಇ’ ಸಮುದ್ರದ ನೀರಿನಂತೆ ಇದ್ದವು. ‘ಆ’ಯಲ್ಲಿ ನಾವು ‘ಮೀನು ವಾಸನೆ’ ಎನ್ನುವ ಆ ಘಾಟು. ಸಮುದ್ರ ಮೀನಿನ ಮಾಂಸದಲ್ಲಿರುವ ಒಂದು ಸಂಯುಕ್ತವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುವ ಟ್ರೈಮೀಥೈಲ್ ಅಮೀನ್‌ನಿಂದ ಅದು ಬರುತ್ತದೆ. ಅಂದರೆ ತಾಜಾ ಮೀನಿಗೆ ‘ಮೀನು ವಾಸನೆ’ ಇರುವುದಿಲ್ಲ ಎಂದಾಗ ತರಗತಿ ನಕ್ಕಿತು.

ಕೊನೆಗೆ ಬೆರಳು. ಬೆನ್ನಿನ ದಪ್ಪ ಭಾಗವನ್ನು ಒತ್ತಿ ಬಿಟ್ಟರೆ ‘ಅ’ ಮತ್ತು ‘ಇ’ಯಲ್ಲಿ ಗುಳಿ ತಕ್ಷಣ ಮುಚ್ಚಿತು, ‘ಆ’ಯಲ್ಲಿ ಉಳಿಯಿತು. ಹೊಟ್ಟೆಯನ್ನು ಮಾತ್ರ ಬೇರೆಯಾಗಿ ನೋಡಬೇಕು. ಚೆನ್ನಾಗಿ ತಿಂದ ಬಂಗುಡೆ, ತಾರ್ಲೆಗಳಲ್ಲಿ ಜೀರ್ಣಕಿಣ್ವಗಳು ಹೊಟ್ಟೆಯ ಗೋಡೆಯನ್ನೇ ಕರಗಿಸುತ್ತವೆ. ಬೆನ್ನು ಗಟ್ಟಿಯಿದ್ದಾಗಲೂ ಹೊಟ್ಟೆ ಒಡೆದಿರಬಹುದು.

ಹೀಗೆ ನಾಲ್ಕರಲ್ಲಿ ಮೂರು ಲಕ್ಷಣಗಳು ‘ಇ’ ಕಡೆಗೆ ಬಂದವು. ಎಂಟು ಗಂಟೆ ಹೊರಗಿದ್ದ ಮೀನಿಗಿಂತ ಒಂದು ದಿನ ಮಂಜಿನಲ್ಲಿದ್ದ ಮೀನು ಒಳ್ಳೆಯದೆಂದು ಮಕ್ಕಳೇ ತೀರ್ಪು ತಿದ್ದಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವಾಗ ಇಲ್ಲಿ ಐಸಿನ ಮೀನೇ ಹೆಚ್ಚು. ಆಗ ಕಣ್ಣೊಂದನ್ನೇ ನಂಬಿದರೆ ಈ ತಪ್ಪು ಮನೆಮನೆಯಲ್ಲೂ ಆಗಬಹುದು.

ಅದೇ ಹುಡುಗಿ ಪಾಠದ ಕೊನೆಗೆ ಇನ್ನೊಂದು ಮಾತು ಹೇಳಿದಳು: “ಆಯಿ ಮೊದಲು ಕೇಳೋದು, ಐಸಿಗೆ ಯಾವಾಗ ಹಾಕಿದ್ದು ಅಂತ.” ಆ ಪ್ರಶ್ನೆಗೆ ವಿಜ್ಞಾನದ ಬಲವಿದೆ. ಬಂಗುಡೆ, ಕೇದರ ಮುಂತಾದವುಗಳಲ್ಲಿ ಹಿಸ್ಟಿಡಿನ್ ಹೆಚ್ಚು. ಮೀನು ಬಿಸಿಲಲ್ಲಿದ್ದಾಗ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡುತ್ತವೆ. ಆಮೇಲೆ ಮಂಜಿಗೆ ಹಾಕಿದರೂ, ಸಾರು ಕುದಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರಿ, ತುರಿಕೆ, ತಲೆನೋವು ಬರಬಹುದು. ಕಣ್ಣು, ಕಿವಿರು, ಮೂಗು, ಬೆರಳು ಯಾವುದೂ ಹಿಸ್ಟಮಿನ್ನನ್ನು ಖಚಿತವಾಗಿ ಹಿಡಿಯುವುದಿಲ್ಲ.

ಮರುವಾರ ಇನ್ನೊಂದು ವಿಭಾಗಕ್ಕೆ ಇದೇ ಪಾಠ ಮಾಡಿದಾಗ ಕಿವಿರನ್ನು ಮೊದಲಿಟ್ಟು, ಕಣ್ಣನ್ನು ಕೊನೆಗೆ, ಎರಡೂ ಬದಿ ನೋಡುವಂತೆ ಬದಲಿಸಿದೆ. ವೀಕ್ಷಣಾ ಪಟ್ಟಿಗೆ ಐದನೆಯ ಕಾಲಂ ಸೇರಿಸಿದೆ: ‘ಐಸಿಗೆ ಹಾಕಿದ ಸಮಯ – ಮಾರುವವರನ್ನು ಕೇಳಿ ಬರೆಯಿರಿ.’