ಎಲ್‌ಸಿ ತಿದ್ದಿಸಿಕೊಡಿ ಎಂದು ಬರೆಯುವ ಪತ್ರ

ಮೆಕ್ಯಾನಿಕಲ್ ಓದಿ ಬೆಳಗಾವಿಯ ಫೌಂಡ್ರಿಗೋ ಪೀಣ್ಯದ ಮಷೀನ್ ಶಾಪ್‌ಗೋ ಸೇರಿದವರ ಮೇಜಿಗೆ ಇವತ್ತಲ್ಲ ನಾಳೆ ಒಂದು ಎಕ್ಸ್‌ಪೋರ್ಟ್ ಆರ್ಡರ್‌ನ ಫೈಲು ಬಂದು ಬೀಳುತ್ತೆ. ಡ್ರಾಯಿಂಗ್ ಓದೋಕೆ ನಮಗೆ ಬರುತ್ತೆ. ಆ ಫೈಲಿನಲ್ಲೇ ಇರೋ ಲೆಟರ್ ಆಫ್ ಕ್ರೆಡಿಟ್, ಅಂದ್ರೆ ಎಲ್‌ಸಿ, ಓದೋಕೆ ಯಾರೂ ಕಲಿಸಿರಲ್ಲ. ಅದು ಆರ್ಡರ್‌ಗೆ ಹೊಂದದಿದ್ದರೆ ವಿದೇಶದ ಖರೀದಿದಾರನಿಗೆ ಏನು ಬರೆಯಬೇಕು, ಬರೆದ ಮೇಲೆ ಏನಾಗುತ್ತೆ ಅನ್ನೋದಷ್ಟನ್ನೇ ಈ ಪಾಠದಲ್ಲಿ ನೋಡೋಣ.

ಮೊದಲು ಎಲ್‌ಸಿ ಅಂದರೇನು ಅಂತ ಎರಡು ಮಾತು. ಖರೀದಿದಾರನ ಬ್ಯಾಂಕು ಮಾರುವವನಿಗೆ ಕೊಡುವ ಭರವಸೆ ಅದು: "ನಾನು ಹೇಳಿದ ಕಾಗದಗಳನ್ನು, ನಾನು ಹೇಳಿದ ರೀತಿಯಲ್ಲೇ, ನಾನು ಹೇಳಿದ ದಿನದೊಳಗೆ ತಂದುಕೊಟ್ಟರೆ ದುಡ್ಡು ಕೊಡ್ತೀನಿ." ಜಗತ್ತಿನ ಬಹುಪಾಲು ಎಲ್‌ಸಿಗಳು 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ಎಂಬ ನಿಯಮಗಳಿಗೆ ಒಳಪಟ್ಟಿರುತ್ತವೆ. ಅದರ 4 ಮತ್ತು 5ನೇ ಕಲಮುಗಳು ನಮ್ಮ ಪಾಠಕ್ಕೆ ಅಡಿಪಾಯ. ಎಲ್‌ಸಿ ಬೇರೆ, ನೀವು ಖರೀದಿದಾರನ ಜೊತೆ ಮಾಡಿಕೊಂಡ ಒಪ್ಪಂದ ಬೇರೆ; ಬ್ಯಾಂಕು ನೋಡೋದು ಕಾಗದವನ್ನು, ಸರಕನ್ನಲ್ಲ. ಹಾಗಾಗಿ "ಆರ್ಡರ್‌ನಲ್ಲಿ ಹೀಗಿತ್ತಲ್ಲ ಸಾರ್" ಅಂತ ಬ್ಯಾಂಕಿನ ಮುಂದೆ ಹೇಳಿ ಏನೂ ಪ್ರಯೋಜನ ಇಲ್ಲ.

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬೆಳಗಾವಿಯ ಉದ್ಯಮಬಾಗ್‌ನ ಒಂದು ಫೌಂಡ್ರಿ ಜರ್ಮನಿಯ ಖರೀದಿದಾರನಿಗೆ 1200 ಪಂಪ್ ಕೇಸಿಂಗ್ ಕಳಿಸಬೇಕು. ವಸ್ತು ಗ್ರೇ ಕಾಸ್ಟ್ ಐರನ್, ದರ್ಜೆ `EN-GJL-250`. ಒಂದಕ್ಕೆ 18 ಯೂರೋ, ಒಟ್ಟು 21,600 ಯೂರೋ, ಎಫ್‌ಒಬಿ ನ್ಹಾವಾ ಶೇವಾ. ಎರಡು ಕಂತು: 600 ಕೇಸಿಂಗ್ ಮಾರ್ಚ್ 31ರೊಳಗೆ, ಉಳಿದ 600 ಏಪ್ರಿಲ್ 30ರೊಳಗೆ. ಫೆಬ್ರವರಿ 12ಕ್ಕೆ ನಮ್ಮ ಬ್ಯಾಂಕಿನ ಮೂಲಕ ಎಲ್‌ಸಿ ಬಂತು. ಮೊತ್ತ ಸರಿಯಾಗಿದೆ, ಹೆಸರು ಸರಿಯಾಗಿದೆ. ಮೊತ್ತ ಸರಿ ಇದ್ರೆ ಸಾಮಾನ್ಯವಾಗಿ ಎಲ್ಲರೂ ನಿಟ್ಟುಸಿರು ಬಿಟ್ಟು ಫೈಲು ಮುಚ್ಚುತ್ತಾರೆ. ಮುಚ್ಚಬಾರದು.

ಎಲ್‌ಸಿ ಸ್ವಿಫ್ಟ್ ಜಾಲದಲ್ಲಿ `MT 700` ಎಂಬ ಸಂದೇಶವಾಗಿ ಬರುತ್ತೆ. ಪ್ರತಿ ಸಾಲಿಗೂ ಒಂದು ಸಂಖ್ಯೆ ಇರುತ್ತೆ. ಒಂದು ಕೈಯಲ್ಲಿ ಪರ್ಚೇಸ್ ಆರ್ಡರ್, ಇನ್ನೊಂದು ಕೈಯಲ್ಲಿ ಇದನ್ನು ಹಿಡಿದು ಸಾಲು ಸಾಲಾಗಿ ಓದಿದಾಗ ಮೂರು ಕಡೆ ಹೊಂದಾಣಿಕೆ ತಪ್ಪಿದ್ದು ಕಂಡಿತು.

ಮೊದಲನೆಯದು `45A`, ಸರಕಿನ ವಿವರಣೆ. ಅಲ್ಲಿ `EN-GJS-250` ಅಂತಿದೆ. L ಹೋಗಿ S ಬಂದಿದೆ, ಅಷ್ಟೇ. ಆದರೆ L ಅಂದರೆ ಪದರ ಪದರವಾದ ಗ್ರಾಫೈಟ್, S ಅಂದರೆ ಉಂಡೆಯಾಕಾರದ ಗ್ರಾಫೈಟ್. ಒಂದು ಗ್ರೇ ಐರನ್, ಇನ್ನೊಂದು ಎಸ್‌ಜಿ ಐರನ್. ಮೆಟಲರ್ಜಿ ಓದಿದವರಿಗೆ ಇದು ಟೈಪಿಂಗ್ ತಪ್ಪು ಅಂತ ತಕ್ಷಣ ಗೊತ್ತಾಗುತ್ತೆ. ಬ್ಯಾಂಕಿನವರಿಗೆ ಗೊತ್ತಾಗಬೇಕಾದ ಅಗತ್ಯವೇ ಇಲ್ಲ. ಯುಸಿಪಿಯ 18ನೇ ಕಲಮಿನ ಪ್ರಕಾರ ಇನ್‌ವಾಯ್ಸ್‌ನಲ್ಲಿರುವ ಸರಕಿನ ವಿವರಣೆ ಎಲ್‌ಸಿಯಲ್ಲಿರುವುದಕ್ಕೆ ಹೊಂದಲೇಬೇಕು. 'ಮಷೀನ್' ಎಂಬ ಪದದ ಸ್ಪೆಲಿಂಗ್ ತಪ್ಪಿದ್ದರೆ ಅರ್ಥ ಬದಲಾಗಲ್ಲ, ಬ್ಯಾಂಕು ಅದನ್ನು ದೋಷ ಎಂದು ಎಣಿಸಲ್ಲ. ಮಾಡೆಲ್ 321 ಇರಬೇಕಾದಲ್ಲಿ 123 ಇದ್ದರೆ ದೋಷ. ನಮ್ಮ ಒಂದಕ್ಷರ ಈ ಎರಡನೇ ಜಾತಿಗೆ ಸೇರಿದ್ದು.

ಈಗ ಸಿಕ್ಕಿಬಿದ್ದದ್ದು ಹೇಗೆ ನೋಡಿ. ಇನ್‌ವಾಯ್ಸ್‌ನಲ್ಲಿ ನಿಜ ಬರೆದರೆ ಬ್ಯಾಂಕು ತಿರಸ್ಕರಿಸಬಹುದು. ಎಲ್‌ಸಿಯಲ್ಲಿದ್ದ ಹಾಗೇ ಬರೆದರೆ ಕಳಿಸದೇ ಇರೋ ವಸ್ತುವನ್ನು ಕಳಿಸಿದ್ದೇವೆ ಅಂತ ಸಹಿ ಹಾಕಿದ ಹಾಗೆ; ಜೊತೆಗೆ ಹೋಗುವ ಮೆಟೀರಿಯಲ್ ಟೆಸ್ಟ್ ಸರ್ಟಿಫಿಕೇಟ್ ಗ್ರೇ ಐರನ್ ಅಂತಲೇ ಹೇಳುತ್ತೆ, ಎರಡು ಕಾಗದಗಳು ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ. "ಎಲ್‌ಸಿಯಲ್ಲಿ ಇದ್ದಂಗೆ ಹೊಡೆದುಬಿಡಿ, ಯಾರು ನೋಡ್ತಾರೆ" ಅಂತ ಸಲಹೆ ಕೊಡೋ ಹಳಬರು ಪ್ರತಿ ಆಫೀಸಿನಲ್ಲೂ ಒಬ್ಬರು ಇರ್ತಾರೆ. ಅವರ ಮಾತು ಕೇಳಬೇಡಿ.

ಎರಡನೆಯದು ಬೆಲೆಯ ಷರತ್ತು. ಅದೇ `45A`ಯಲ್ಲಿ ಸಿಐಎಫ್ ಹ್ಯಾಂಬರ್ಗ್ ಅಂತಿದೆ. ಅದಕ್ಕೆ ತಕ್ಕಂತೆ `46A`ಯಲ್ಲಿ, ಅಂದ್ರೆ ಬೇಕಾದ ಕಾಗದಗಳ ಪಟ್ಟಿಯಲ್ಲಿ, ವಿಮಾ ಪಾಲಿಸಿ ಮತ್ತು 'ಫ್ರೇಟ್ ಪ್ರೀಪೇಯ್ಡ್' ಎಂದು ಬರೆದಿರುವ ಬಿಲ್ ಆಫ್ ಲೇಡಿಂಗ್ ಕೇಳಿದ್ದಾರೆ. ಎಫ್‌ಒಬಿಯಲ್ಲಿ ಸರಕು ನ್ಹಾವಾ ಶೇವಾದಲ್ಲಿ ಹಡಗು ಹತ್ತುವವರೆಗೆ ಖರ್ಚು ನಮ್ಮದು, ಆಮೇಲೆ ಅವರದು. ಸಿಐಎಫ್‌ನಲ್ಲಿ ಹ್ಯಾಂಬರ್ಗ್‌ವರೆಗಿನ ಹಡಗಿನ ಬಾಡಿಗೆ, ವಿಮೆ ಎರಡೂ ನಮ್ಮದು. ಎಲ್‌ಸಿಯ ಮೊತ್ತ ಮಾತ್ರ ಎಫ್‌ಒಬಿ ಲೆಕ್ಕದ 21,600. ಫಾರ್ವರ್ಡರ್ ಬಾಡಿಗೆ ಮತ್ತು ವಿಮೆ ಸೇರಿ ಒಂದು ಕಂತಿಗೆ 1500 ಯೂರೋ ಹೇಳಿದರು ಅಂದುಕೊಳ್ಳಿ. ಎರಡು ಕಂತಿಗೆ 3000. ಆರ್ಡರ್‌ನ ಲಾಭವೆಲ್ಲ ಅದರಲ್ಲೇ ಮುಳುಗುತ್ತೆ. (ಕಂಟೇನರ್‌ನಲ್ಲಿ ಹೋಗುವ ಸರಕಿಗೆ ಎಫ್‌ಒಬಿಗಿಂತ ಎಫ್‌ಸಿಎ ಸರಿ ಅಂತ ಇನ್‌ಕೋಟರ್ಮ್ಸ್ ಹೇಳುತ್ತೆ. ನಮ್ಮವರು ಎಫ್‌ಒಬಿ ಬಿಡಲ್ಲ. ಅದು ಬೇರೆ ಕಥೆ.)

ಮೂರನೆಯದು ದಿನಾಂಕ ಮತ್ತು ಕಂತು. `43P`ಯಲ್ಲಿ ಭಾಗಶಃ ರವಾನೆಗೆ ಅವಕಾಶವಿಲ್ಲ ಅಂತಿದೆ. `44C`ಯಲ್ಲಿ ರವಾನೆಯ ಕೊನೆಯ ದಿನ ಮಾರ್ಚ್ 31, `31D`ಯಲ್ಲಿ ಎಲ್‌ಸಿಯ ಅವಧಿ ಏಪ್ರಿಲ್ 21ಕ್ಕೆ ಮುಗಿಯುತ್ತೆ. ಅಂದ್ರೆ 1200 ಕೇಸಿಂಗೂ ಒಂದೇ ಸಲಕ್ಕೆ ಮಾರ್ಚ್ ಕೊನೆಯೊಳಗೆ ಹೋಗಬೇಕು. ನಮ್ಮ ಮೋಲ್ಡಿಂಗ್ ಲೈನಿಗೆ ಅದು ಆಗದ ಕೆಲಸ.

ಈ ಮೂರನೆಯದನ್ನು ಸರಿಪಡಿಸಲು ಕೇಳುವಾಗ ಒಂದು ಗುಂಡಿ ಇದೆ. ಆರ್ಡರ್‌ನಲ್ಲಿ ಎರಡು ದಿನಾಂಕ ಇದೆಯಲ್ಲ, ಎಲ್‌ಸಿಯಲ್ಲೂ ಅದೇ ವೇಳಾಪಟ್ಟಿ ಬರೆಸೋಣ ಅಂತ ಅನ್ನಿಸುತ್ತೆ. ಬರೆಸಬೇಡಿ. ಯುಸಿಪಿಯ 32ನೇ ಕಲಮಿನ ಪ್ರಕಾರ, ಇಂತಿಂಥ ಅವಧಿಯಲ್ಲಿ ಇಂತಿಂಥ ಕಂತು ಅಂತ ಎಲ್‌ಸಿಯಲ್ಲಿದ್ದು ಒಂದು ಕಂತು ತಪ್ಪಿದರೆ, ಆ ಕಂತಿಗಷ್ಟೇ ಅಲ್ಲ, ಮುಂದಿನ ಕಂತುಗಳಿಗೂ ಎಲ್‌ಸಿ ಸಿಗಲ್ಲ. ಮೊದಲ ಕಂಟೇನರ್ ಏಪ್ರಿಲ್ 1ಕ್ಕೆ ಹಡಗು ಹತ್ತಿದರೆ ಎರಡನೆಯದರ ದುಡ್ಡಿನ ಭದ್ರತೆಯೂ ಹೋಯ್ತು. ಭಾಗಶಃ ರವಾನೆಗೆ ಅವಕಾಶವಿದೆ, ಕೊನೆಯ ದಿನ ಏಪ್ರಿಲ್ 30, ಇಷ್ಟು ಕೇಳಿದರೆ ಸಾಕು.

ಕೊನೆಯ ದಿನ ಮುಂದಕ್ಕೆ ಹೋದರೆ ಅವಧಿಯೂ ಹೋಗಬೇಕು ಅನ್ನೋದನ್ನೂ ಮರೀಬಾರದು. ಹಡಗು ಹತ್ತಿದ ದಿನದಿಂದ 21 ದಿನದೊಳಗೆ ಕಾಗದ ಸಲ್ಲಿಸಲು ಅವಕಾಶ, ಆದರೆ ಎಲ್‌ಸಿ ಜೀವಂತ ಇರಬೇಕು. ಏಪ್ರಿಲ್ 30ಕ್ಕೆ 21 ಸೇರಿಸಿದರೆ ಮೇ 21.

ಇನ್ನು ಪತ್ರ ಯಾರಿಗೆ? ಬ್ಯಾಂಕಿಗಲ್ಲ, ಖರೀದಿದಾರನಿಗೆ. ಎಲ್‌ಸಿ ತೆರೆಯಲು ಅರ್ಜಿ ಹಾಕಿದವನು ಅವನು. ಅವನು ಹೇಳದೆ ಅವನ ಬ್ಯಾಂಕು ಸಾಮಾನ್ಯವಾಗಿ ಒಂದಕ್ಷರವನ್ನೂ ಮುಟ್ಟಲ್ಲ. ಎಲ್ಲ ಬದಲಾವಣೆಗಳನ್ನೂ ಒಂದೇ ಪತ್ರದಲ್ಲಿ ಕೇಳಿ, ಯಾಕಂದ್ರೆ ಪ್ರತಿ ತಿದ್ದುಪಡಿಗೂ ಬ್ಯಾಂಕು ಶುಲ್ಕ ಹಾಕುತ್ತೆ, ದಿನಗಳೂ ಹೋಗ್ತವೆ. ಈಗಿರುವ ಮಾತು, ಬೇಕಾದ ಮಾತು ಎರಡನ್ನೂ ಬರೆಯಿರಿ. ಅಲ್ಲಿನ ಗುಮಾಸ್ತ ಅದನ್ನೇ ನಕಲು ಮಾಡಿಕೊಳ್ಳುವಷ್ಟು ಸ್ಪಷ್ಟವಾಗಿರಲಿ. ಪತ್ರ ಹೋಗೋದು ಇಂಗ್ಲಿಷಿನಲ್ಲಿ. ಅದರ ಹೂರಣ ಇಷ್ಟು:

"ಮಾನ್ಯರೇ,

ನಮ್ಮ ಆರ್ಡರ್‌ಗಾಗಿ ನೀವು ತೆರೆಸಿದ ಎಲ್‌ಸಿ ಫೆಬ್ರವರಿ 12ರಂದು ತಲುಪಿತು, ವಂದನೆಗಳು. ಅದನ್ನು ನಿಮ್ಮ ಪರ್ಚೇಸ್ ಆರ್ಡರ್ ಜೊತೆ ಹೋಲಿಸಿದಾಗ ಕೆಳಗಿನ ಅಂಶಗಳು ಹೊಂದುತ್ತಿಲ್ಲ. ದಯವಿಟ್ಟು ನಿಮ್ಮ ಬ್ಯಾಂಕಿನ ಮೂಲಕ ಹೀಗೆ ತಿದ್ದಿಸಿಕೊಡಿ.

`45A`: `EN-GJS-250` ಇರುವಲ್ಲಿ `EN-GJL-250` ಎಂದಾಗಲಿ. ಸಿಐಎಫ್ ಹ್ಯಾಂಬರ್ಗ್ ಇರುವಲ್ಲಿ ಎಫ್‌ಒಬಿ ನ್ಹಾವಾ ಶೇವಾ ಎಂದಾಗಲಿ.
`46A`: ವಿಮಾ ಪಾಲಿಸಿಯ ಷರತ್ತನ್ನು ತೆಗೆಯಿರಿ. ಬಿಲ್ ಆಫ್ ಲೇಡಿಂಗ್‌ನಲ್ಲಿ 'ಫ್ರೇಟ್ ಪ್ರೀಪೇಯ್ಡ್' ಬದಲು 'ಫ್ರೇಟ್ ಕಲೆಕ್ಟ್' ಎಂದಾಗಲಿ.
`43P`: ಭಾಗಶಃ ರವಾನೆಗೆ ಅವಕಾಶವಿದೆ ಎಂದಾಗಲಿ.
`44C`: ಮಾರ್ಚ್ 31ರ ಬದಲು ಏಪ್ರಿಲ್ 30.
`31D`: ಏಪ್ರಿಲ್ 21ರ ಬದಲು ಮೇ 21.

ಈ ಎಲ್ಲ ಅಂಶಗಳೂ ನೀವು ಸಹಿ ಮಾಡಿದ ಆರ್ಡರ್‌ಗೆ ಅನುಗುಣವಾಗಿವೆ. ಅದರ ಪ್ರತಿ ಲಗತ್ತಿಸಿದ್ದೇವೆ. ತಿದ್ದುಪಡಿಯ ಶುಲ್ಕವನ್ನು ನೀವೇ ಭರಿಸಬೇಕೆಂದು ಕೋರುತ್ತೇವೆ. ಎರಕದ ಕೆಲಸ ವೇಳೆಯಂತೆ ಸಾಗಿದೆ. ಮೊದಲ ಕಂತಿನ ಕಂಟೇನರ್ ಕಾಯ್ದಿರಿಸಲು ಮಾರ್ಚ್ 5ರೊಳಗೆ ತಿದ್ದುಪಡಿ ನಮ್ಮ ಬ್ಯಾಂಕನ್ನು ತಲುಪಬೇಕು. ಅದು ಬಂದ ನಂತರವೇ ಸರಕು ರವಾನಿಸುತ್ತೇವೆ."

ಪತ್ರದಲ್ಲಿ ದೂರು ಇಲ್ಲ, ಗಮನಿಸಿ. ತಪ್ಪು ಯಾರದು ಅನ್ನೋ ಚರ್ಚೆಯೂ ಇಲ್ಲ. ಆದರೆ ಕೊನೆಯ ಎರಡು ವಾಕ್ಯ ಬಿಟ್ಟರೆ ಪತ್ರಕ್ಕೆ ಬಲವಿಲ್ಲ. ಗಡುವು ಇಲ್ಲದ ಕೋರಿಕೆ ಅವರ ಇನ್‌ಬಾಕ್ಸ್‌ನಲ್ಲಿ ಮಲಗಿಬಿಡುತ್ತೆ.

ಮರುದಿನ ಖರೀದಿದಾರನಿಂದ ಈಮೇಲ್ ಬಂತು: "ಎಲ್ಲಾ ಓಕೆ, ನೀವು ಸರಕು ಕಳಿಸಿ, ಕಾಗದ ಬಂದಾಗ ನಾವು ಒಪ್ಪಿಕೊಳ್ತೀವಿ." ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಆ ಈಮೇಲ್ ತಿದ್ದುಪಡಿ ಅಲ್ಲ. 10ನೇ ಕಲಮಿನ ಪ್ರಕಾರ ಎಲ್‌ಸಿ ತೆರೆದ ಬ್ಯಾಂಕು, ಮಾರುವವನು, ಮಧ್ಯೆ ಖಾತರಿ ಕೊಟ್ಟ ಬ್ಯಾಂಕಿದ್ದರೆ ಅದೂ ಒಪ್ಪದೆ ಎಲ್‌ಸಿ ಬದಲಾಗಲ್ಲ. ಈಮೇಲ್ ನಂಬಿ ಕಳಿಸಿದಿರಿ ಅಂದುಕೊಳ್ಳಿ. ಕಾಗದ ತಲುಪಿ ಐದು ಬ್ಯಾಂಕ್ ದಿನದೊಳಗೆ ದೋಷದ ಪಟ್ಟಿ ಬರುತ್ತೆ. ಅಷ್ಟರಲ್ಲಿ ಸರಕು ಹ್ಯಾಂಬರ್ಗ್ ದಾರಿಯಲ್ಲಿರುತ್ತೆ. ದೋಷ ಮನ್ನಿಸೋದು ಬಿಡೋದು ಆಗ ಖರೀದಿದಾರನ ಕೈಲಿ. ಅಷ್ಟೊತ್ತಿಗೆ ಮಾರುಕಟ್ಟೆ ಬಿದ್ದಿದ್ದರೆ ಅವನು ಶೇಕಡಾ ಹತ್ತು ಕಡಿಮೆ ಮಾಡಿ ಅಂತ ಕೇಳ್ತಾನೆ, ಬಂದರಿನ ಬಾಡಿಗೆ ಏರ್ತಾ ಇರುತ್ತೆ, ನೀವು ಒಪ್ಪಿಕೊಳ್ತೀರಿ.

ಅಸಲಿ ತಿದ್ದುಪಡಿ `MT 707` ಎಂಬ ಸಂದೇಶವಾಗಿ ನಮ್ಮ ಬ್ಯಾಂಕಿನ ಮೂಲಕವೇ ಬರಬೇಕು. ಮಾರ್ಚ್ 2ಕ್ಕೆ ಬಂತು. ಕೇಳಿದ್ದೆಲ್ಲ ಇದೆ. ಕೊನೆಯಲ್ಲಿ ಕೇಳದೇ ಇದ್ದ ಒಂದು ಸಾಲೂ ಇದೆ: ಖರೀದಿದಾರನ ಪ್ರತಿನಿಧಿ ಸಹಿ ಮಾಡಿದ ತಪಾಸಣಾ ಪತ್ರ ಲಗತ್ತಿಸಬೇಕು. ಕೇಳೋಕೆ ನ್ಯಾಯವಾಗೇ ಇದೆ ಅನ್ನಿಸುತ್ತೆ. ಆದರೆ ಆ ಪ್ರತಿನಿಧಿ ಬರದಿದ್ದರೆ, ಬಂದೂ ಸಹಿ ಹಾಕದಿದ್ದರೆ, ಆ ಕಾಗದವನ್ನು ನಾವು ಯಾವ ಕಾಲಕ್ಕೂ ಹುಟ್ಟಿಸಲಾರೆವು. ಬ್ಯಾಂಕಿನ ಭರವಸೆ ಹೋಗಿ ಮತ್ತೆ ಖರೀದಿದಾರನ ಮರ್ಜಿಗೆ ಬಂದು ನಿಂತ ಹಾಗಾಯ್ತು.

"ಮೊದಲಿನವೆಲ್ಲ ಒಪ್ಪಿದೆ, ಕೊನೆಯದು ಬೇಡ" ಅನ್ನೋ ಹಾಗಿಲ್ಲ. ಒಂದು ತಿದ್ದುಪಡಿಯನ್ನು ಭಾಗಶಃ ಒಪ್ಪಿದರೆ ಪೂರ್ತಿ ತಿರಸ್ಕರಿಸಿದಂತೆ. ಸುಮ್ಮನಿದ್ದರೆ? ಸುಮ್ಮನಿದ್ದದ್ದು ಒಪ್ಪಿಗೆಯಲ್ಲ, ನಾವು ಒಪ್ಪಿಗೆ ತಿಳಿಸುವವರೆಗೆ ಹಳೆಯ ಷರತ್ತುಗಳೇ ನಮಗೆ ಅನ್ವಯ. ಆದರೆ ಒಪ್ಪಿಗೆ ಹೇಳದೇ ಇದ್ದು ತಿದ್ದುಪಡಿಗೆ ಹೊಂದುವ ಕಾಗದ ಸಲ್ಲಿಸಿದರೆ ಆ ಕ್ಷಣಕ್ಕೆ ಒಪ್ಪಿದಂತೆ. ಇಲ್ಲಿ ಹಳೆಯ ಷರತ್ತೂ ಬೇಡ, ಹೊಸದೂ ಬೇಡ. ಹಾಗಾಗಿ ನಮ್ಮ ಬ್ಯಾಂಕಿಗೆ ಅದೇ ದಿನ ಲಿಖಿತವಾಗಿ ತಿರಸ್ಕಾರ ತಿಳಿಸಿ, ಖರೀದಿದಾರನಿಗೆ ಎರಡನೇ ಪತ್ರ: ತಪಾಸಣಾ ಪತ್ರದ ಸಾಲು ಬಿಟ್ಟು ಉಳಿದದ್ದನ್ನು ಹೊಸ ತಿದ್ದುಪಡಿಯಾಗಿ ಕಳಿಸಿ; ತಪಾಸಣೆ ಬೇಕೇ ಬೇಕು ಅಂದ್ರೆ ಇಬ್ಬರೂ ಒಪ್ಪುವ ಸ್ವತಂತ್ರ ತಪಾಸಣಾ ಸಂಸ್ಥೆಯಿಂದ ಆಗಲಿ, ಖರ್ಚು ನಿಮ್ಮದು.

ಇದಕ್ಕೆ ಇನ್ನೊಂದು ವಾರ ಹಿಡಿಯುತ್ತೆ. ಮಾರ್ಚ್ 5ರ ಗಡುವು ದಾಟುತ್ತೆ, ಆದರೂ 31ಕ್ಕೆ ಇನ್ನೂ ಸಮಯ ಇದೆ. ಎಲ್‌ಸಿ ಬಂದ ದಿನವೇ ಓದಿ, ಮರುದಿನವೇ ಬರೆದಿದ್ದಕ್ಕೆ ಉಳಿದ ಸಮಯ ಅದು. ಎರಡನೇ `MT 707` ಸರಿಯಾಗಿ ಬಂದ ಮೇಲೆ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಬ್ಯಾಂಕಿಗೆ ಕೊಟ್ಟು, ಮೂಲ ಎಲ್‌ಸಿಯ ಜೊತೆ ತಿದ್ದುಪಡಿಯನ್ನೂ ಪಿನ್ ಮಾಡಿ, ಆಮೇಲೆ ಕಂಟೇನರ್‌ಗೆ ಹೇಳಿ.